ಕ್ವಿಜ್ ಪೋಸ್ಟ್ ಬರೆಯುವಾಗ ತಪ್ಪು ಆಯ್ಕೆಗಳನ್ನು ಮೊದಲು ಬರೆಯಿರಿ

ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಕನ್ನಡದಲ್ಲಿ ಆನ್‌ಲೈನ್ ಕೋರ್ಸ್ ನಡೆಸುವ ಬಹುತೇಕ ಎಲ್ಲರಿಗೂ ಒಂದು ಟೆಲಿಗ್ರಾಂ ಚಾನೆಲ್ ಇರುತ್ತದೆ. ಅದರಲ್ಲಿ ದಿನಕ್ಕೆ ಹತ್ತು ಹದಿನೈದು ಕ್ವಿಜ್ ಪ್ರಶ್ನೆಗಳು ಬೀಳುತ್ತಿರುತ್ತವೆ, ಪ್ರತಿಯೊಂದರ ಕೆಳಗೂ ‘ಇಂದೇ ಸೇರಿ’ ಎಂಬ ಲಿಂಕ್ ಇರುತ್ತದೆ. ಮೊದಲ ವಾರ ಮತಗಳು ಚೆನ್ನಾಗಿ ಬಂದು ಮೂರನೇ ವಾರಕ್ಕೆ ಅರ್ಧಕ್ಕಿಳಿಯುತ್ತವೆ, ಕೋರ್ಸಿಗೆ ಸೇರುವವರ ಸಂಖ್ಯೆಯಂತೂ ಅಲ್ಲಾಡುವುದೇ ಇಲ್ಲ. ದೋಷ ಸಾಮಾನ್ಯವಾಗಿ ಪ್ರಶ್ನೆಯಲ್ಲೇ ಇರುತ್ತದೆ. ಸರಿ ಉತ್ತರ ಒಂದನ್ನು ಇಟ್ಟು, ಉಳಿದ ಮೂರು ಜಾಗಕ್ಕೆ ಕೈಗೆ ಸಿಕ್ಕಿದ್ದನ್ನು ತುಂಬಿಸಿದ ಪ್ರಶ್ನೆ ಓದುಗನಿಗೂ ಏನೂ ಹೇಳುವುದಿಲ್ಲ, ನಿಮಗೂ ಏನೂ ಹೇಳುವುದಿಲ್ಲ.

ಗ್ರಾಮ ಆಡಳಿತ ಅಧಿಕಾರಿ, ಪಿಡಿಒ, ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗಳಿಗೆ ಓದುವವರನ್ನು ಎದುರಿಗಿಟ್ಟುಕೊಂಡು, ಪಂಚಾಯತ್ ರಾಜ್ ಎಂಬ ಒಂದೇ ವಿಷಯ ಹಿಡಿದು, ಪ್ರಶ್ನೆ ಕಟ್ಟುವುದರಿಂದ ದಾಖಲಾತಿಯವರೆಗಿನ ದಾರಿಯನ್ನು ಇಲ್ಲಿ ಕೊಟ್ಟಿದ್ದೇವೆ. ಬೇರೆ ಪರೀಕ್ಷೆಯವರು ವಿಷಯ ಬದಲಿಸಿಕೊಂಡರೆ ಸಾಕು.

ಮೊದಲು ಒಂದು ಶೀಟ್

ಚಾನೆಲ್‌ಗೆ ಒಂದು ಪ್ರಶ್ನೆ ಹಾಕುವ ಮೊದಲೇ ಗೂಗಲ್ ಶೀಟ್ ಒಂದರಲ್ಲಿ ಕನಿಷ್ಠ ಮೂರು ವಾರಕ್ಕಾಗುವಷ್ಟು ಪ್ರಶ್ನೆ ತಯಾರಿರಲಿ. ದಿನಕ್ಕೆ ಮೂರರಂತೆ, ಭಾನುವಾರ ಬಿಟ್ಟರೆ, ಅದು 54 ಪ್ರಶ್ನೆ. ಅವತ್ತಿನ ಪ್ರಶ್ನೆಯನ್ನು ಅವತ್ತೇ ಬರೆಯುವವರು ಎರಡನೇ ವಾರದಲ್ಲಿ ಒಂದು ದಿನ ತಪ್ಪಿಸುತ್ತಾರೆ. ಓದುಗನ ಅಭ್ಯಾಸ ತಪ್ಪುವುದೂ ಅವತ್ತಿನಿಂದಲೇ.

ಶೀಟ್‌ನಲ್ಲಿ ಪ್ರಶ್ನೆ, ನಾಲ್ಕು ಆಯ್ಕೆ, ಸರಿ ಉತ್ತರ ಹೇಗೂ ಇರುತ್ತವೆ. ಇನ್ನೂ ನಾಲ್ಕು ಕಾಲಂ ಸೇರಿಸಿಕೊಳ್ಳಿ. ಮೊದಲನೆಯದು ಆಧಾರ: ಯಾವ ತರಗತಿಯ ಪಠ್ಯಪುಸ್ತಕ, ಯಾವ ಪುಟ, ಅಥವಾ ಯಾವ ಕಾಯ್ದೆಯ ಯಾವ ಪ್ರಕರಣ. ಎರಡನೆಯದು ‘ಯಾಕೆ ತಪ್ಪು’: ಪ್ರತಿ ತಪ್ಪು ಆಯ್ಕೆಯನ್ನು ಯಾರು, ಯಾವ ಗೊಂದಲದಿಂದ ಒತ್ತುತ್ತಾರೆ ಎಂಬುದಕ್ಕೆ ಒಂದೊಂದು ಸಾಲು. ಮೂರನೆಯದು ಅದೇ ಪ್ರಶ್ನೆ ಮತ್ತೆ ಬರುವ ದಿನಾಂಕ. ನಾಲ್ಕನೆಯದು ಕೋರ್ಸ್‌ನ ಎಷ್ಟನೇ ಪಾಠದಲ್ಲಿ ಈ ಗೊಂದಲ ಬಿಡಿಸಲಾಗಿದೆ ಎಂಬುದು. ಎರಡನೇ ಕಾಲಂ ತುಂಬಲಾಗದಿದ್ದರೆ ಆ ಪ್ರಶ್ನೆ ಇನ್ನೂ ತಯಾರಾಗಿಲ್ಲ. ನಾಲ್ಕನೇ ಕಾಲಂ ಖಾಲಿ ಉಳಿದರೆ ಪ್ರಶ್ನೆ ಚೆನ್ನಾಗಿರಬಹುದು, ಆದರೆ ಅದರಿಂದ ಯಾರೂ ಕೋರ್ಸಿಗೆ ಬರುವುದಿಲ್ಲ.

ಒಂದು ಪ್ರಶ್ನೆ, ಹತ್ತಿರದಿಂದ

ಪಂಚಾಯಿತಿಗಳಲ್ಲಿ ಮಹಿಳಾ ಮೀಸಲಾತಿ ಎಷ್ಟು ಎಂಬ ಪ್ರಶ್ನೆ ಎಲ್ಲ ಚಾನೆಲ್‌ಗಳಲ್ಲೂ ಇರುತ್ತದೆ. ಸಾಮಾನ್ಯವಾಗಿ ಆಯ್ಕೆಗಳು ಹೀಗಿರುತ್ತವೆ: ಶೇ 20, ಶೇ 25, ಶೇ 33, ಶೇ 40. ಇಲ್ಲಿ ಶೇ 20 ಒತ್ತಿದವನಿಗೆ ಏನು ಗೊತ್ತಿಲ್ಲ ಎಂದು ನೀವು ಹೇಳಬಲ್ಲಿರಾ? ಸಾಧ್ಯವಿಲ್ಲ. ಅವನು ಕಣ್ಣು ಮುಚ್ಚಿ ಒತ್ತಿರಬಹುದು. ಅದೇ ಪ್ರಶ್ನೆಯನ್ನು ಹೀಗೆ ಕಟ್ಟಿ:

ಸಂವಿಧಾನದ 243ಡಿ ವಿಧಿಯ ಪ್ರಕಾರ ಪಂಚಾಯಿತಿಗಳ ಒಟ್ಟು ಸ್ಥಾನಗಳಲ್ಲಿ ಮಹಿಳೆಯರಿಗೆ ಎಷ್ಟು ಮೀಸಲಿಡಬೇಕು?

1. ಜನಸಂಖ್ಯೆಯ ಅನುಪಾತದಷ್ಟು
2. ಅರ್ಧಕ್ಕೆ ಕಡಿಮೆ ಇಲ್ಲದಂತೆ
3. ಮೂರನೇ ಒಂದು ಭಾಗಕ್ಕೆ ಕಡಿಮೆ ಇಲ್ಲದಂತೆ
4. ರಾಜ್ಯ ಶಾಸಕಾಂಗ ತೀರ್ಮಾನಿಸಿದಷ್ಟು

ಸರಿ ಉತ್ತರ ಮೂರನೆಯದು. ಈಗ ತಪ್ಪುಗಳನ್ನು ನೋಡಿ. ಎರಡನೆಯದನ್ನು ಒತ್ತುವವರು ದಡ್ಡರಲ್ಲ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕಾರ ನಮ್ಮ ರಾಜ್ಯದಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗಿದೆ. ತಮ್ಮೂರ ಪಂಚಾಯಿತಿಯಲ್ಲಿ ಕಂಡದ್ದನ್ನೇ ಸಂವಿಧಾನದ ಮಾತೆಂದು ಅವರು ತಿಳಿದಿದ್ದಾರೆ, ಅಷ್ಟೇ. ಮೊದಲನೆಯದನ್ನು ಒತ್ತುವವರು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಮೀಸಲಾತಿಯ ಜೊತೆ ಇದನ್ನು ಬೆರೆಸಿದ್ದಾರೆ, ಏಕೆಂದರೆ ಜನಸಂಖ್ಯೆಯ ಅನುಪಾತ ಅಲ್ಲಿಯದು. ನಾಲ್ಕನೆಯದು ಹಿಂದುಳಿದ ವರ್ಗಗಳ ಮೀಸಲಾತಿಯ ನಿಯಮ, ಅದನ್ನು ಅದೇ 243ಡಿ ವಿಧಿ ರಾಜ್ಯ ಶಾಸಕಾಂಗಕ್ಕೆ ಬಿಟ್ಟಿದೆ. ಮೂರು ತಪ್ಪು ಆಯ್ಕೆಗಳ ಹಿಂದೆ ಮೂರು ಬೇರೆ ಬೇರೆ ಗೊಂದಲಗಳಿವೆ, ಮೂರಕ್ಕೂ ಬೇರೆ ಬೇರೆ ಔಷಧಿ. ಇಂಥ ಪ್ರಶ್ನೆಗೆ ಬಂದ ಮತಗಳನ್ನು ನೋಡಿದರೆ ನಾಳೆ ಯಾವ ವಿಡಿಯೊ ಮಾಡಬೇಕೆಂದು ಗೊತ್ತಾಗುತ್ತದೆ.

ಹೀಗೆ ಬರೆಯಲು ಸುಲಭ ದಾರಿಯೆಂದರೆ, ಮೊದಲು ಗೊಂದಲಗಳನ್ನು ಪಟ್ಟಿ ಮಾಡಿ ಆಮೇಲೆ ಪ್ರಶ್ನೆಗೆ ಇಳಿಯುವುದು. ನೇರ ತರಗತಿಯಲ್ಲಿ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಸಂಶಯಗಳು, ಹಳೆಯ ಅಣಕು ಪರೀಕ್ಷೆಗಳ ಉತ್ತರಗಳು, ಇವೇ ಗಣಿ. 11ನೇ ಅನುಸೂಚಿಯ 29 ವಿಷಯ, 12ನೇ ಅನುಸೂಚಿಯ 18 ವಿಷಯ, ಇವೆರಡೂ ಅದಲುಬದಲಾಗುತ್ತವೆ. 73ನೇ ತಿದ್ದುಪಡಿ ಜಾರಿಗೆ ಬಂದ 1993ರ ಏಪ್ರಿಲ್ 24ಕ್ಕೂ ರಾಜ್ಯದ ಕಾಯ್ದೆ ಜಾರಿಗೆ ಬಂದ 1993ರ ಮೇ 10ಕ್ಕೂ ಗೊಂದಲವಾಗುತ್ತದೆ. 243ಐ ಹಣಕಾಸು ಆಯೋಗ, 243ಕೆ ಚುನಾವಣಾ ಆಯೋಗ, ಇವು ಸ್ಥಾನ ಬದಲಾಯಿಸುತ್ತವೆ. ಇಂಥ ಒಂದೊಂದು ಜೋಡಿಯಿಂದಲೂ ಎರಡು ಮೂರು ಪ್ರಶ್ನೆ ಹುಟ್ಟುತ್ತವೆ.

ಆಯ್ಕೆಗಳ ವಿಷಯದಲ್ಲಿ ಇನ್ನೆರಡು ಎಚ್ಚರಿಕೆ. ಸರಿ ಉತ್ತರವನ್ನು ವಿವರವಾಗಿ, ಉದ್ದವಾಗಿ ಬರೆದು ತಪ್ಪು ಉತ್ತರಗಳನ್ನು ಚುಟುಕಾಗಿ ಬಿಡುವುದು ಎಲ್ಲ ಪ್ರಶ್ನೆಕಾರರಿಗೂ ಇರುವ ಚಟ. ಒಂದು ವಾರದಲ್ಲಿ ಓದುಗರು ಇದನ್ನು ಪತ್ತೆ ಹಚ್ಚಿ ಉದ್ದದ್ದನ್ನೇ ಒತ್ತತೊಡಗುತ್ತಾರೆ. ಇನ್ನೊಂದು, ಸರಿ ಉತ್ತರ ಮೂರನೇ ಜಾಗಕ್ಕೇ ಹೋಗಿ ಕೂರುವುದು. ಶೀಟ್‌ನಲ್ಲಿ ವಾರದ ಉತ್ತರಗಳನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರೆ ತಕ್ಷಣ ಕಾಣುತ್ತದೆ, ಆಗ ಜಾಗ ಬದಲಿಸಿ.

ಜಗಳ ತರುವ ಪ್ರಶ್ನೆ

‘ಕರ್ನಾಟಕದ ಮೊದಲ ಮುಖ್ಯಮಂತ್ರಿ ಯಾರು?’ ಎಂದು ಕೇಳಿ ನೋಡಿ. 1947ರಲ್ಲಿ ಮೈಸೂರಿನ ಮೊದಲ ಮುಖ್ಯಮಂತ್ರಿಯಾದವರು ಕೆ.ಸಿ. ರೆಡ್ಡಿ. 1956ರ ನವೆಂಬರ್ 1ರಂದು ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದವರು ಎಸ್. ನಿಜಲಿಂಗಪ್ಪ. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದಾಗ ಮುಖ್ಯಮಂತ್ರಿಯಾಗಿದ್ದವರು ದೇವರಾಜ ಅರಸು. ಮೂವರೂ ಆಯ್ಕೆಯಲ್ಲಿದ್ದರೆ ಮೂರೂ ಬಣಗಳಿಗೆ ವಾದವಿದೆ. ಕಾಮೆಂಟುಗಳು ತುಂಬಿ ತುಳುಕುತ್ತವೆ ನಿಜ, ಆದರೆ ಆ ಗದ್ದಲದಲ್ಲಿ ಹೊಸಬ ಕಲಿಯುವುದು ‘ಇವರ ಉತ್ತರವೇ ಸರಿಯಿಲ್ಲ’ ಎಂಬುದನ್ನು. ‘1956ರಲ್ಲಿ ಏಕೀಕರಣವಾದಾಗ’ ಎಂಬ ಎರಡು ಪದ ಪ್ರಶ್ನೆಯಲ್ಲಿ ಸೇರಿದರೆ ವಾದ ಮುಗಿಯಿತು. ಪ್ರಚಲಿತ ವಿದ್ಯಮಾನದ ಪ್ರಶ್ನೆಗಳಿಗೂ ಇದೇ ಮಾತು: ಹುದ್ದೆಯಲ್ಲಿ ಯಾರಿದ್ದಾರೆ ಎಂದು ಕೇಳುವಾಗ ತಿಂಗಳು, ವರ್ಷ ಪ್ರಶ್ನೆಯೊಳಗೇ ಇರಲಿ. ಟೆಲಿಗ್ರಾಂ ಪ್ರಶ್ನೆ ಆರು ತಿಂಗಳ ನಂತರವೂ ಯಾರದೋ ಗುಂಪಿಗೆ ಫಾರ್ವರ್ಡ್ ಆಗುತ್ತಿರುತ್ತದೆ.

ಭಾಷೆಯ ವಿಷಯದಲ್ಲಿ ಕನ್ನಡದ ಅಭ್ಯರ್ಥಿಗಳು ಈಗಾಗಲೇ ಬೆಂದವರು. 2024ರ ಆಗಸ್ಟ್ 27ರ ಕೆಎಎಸ್ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದದ ದೋಷಗಳಿಂದ ದೊಡ್ಡ ವಿವಾದವಾಗಿ ಅದೇ ವರ್ಷದ ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಯಿತು. ಇಂಗ್ಲಿಷ್ ಪ್ರಶ್ನೆಬ್ಯಾಂಕಿನಿಂದ ಯಂತ್ರ ಅನುವಾದ ಮಾಡಿ ಹಾಕಿದರೆ ನಿಮ್ಮ ಚಾನೆಲ್ ಬಗ್ಗೆ ಅದೇ ಸಿಟ್ಟು ಏಳುತ್ತದೆ. ಪಾರಿಭಾಷಿಕ ಪದಗಳನ್ನು ಸರ್ಕಾರಿ ಪಠ್ಯಪುಸ್ತಕದಲ್ಲಿ ಇರುವಂತೆಯೇ ಬಳಸಿ.

ಟೆಲಿಗ್ರಾಂನಲ್ಲಿ ಹಾಕುವ ಬಗೆ

ಚಾನೆಲ್ ತೆರೆದು ಕ್ಲಿಪ್ ಗುರುತು ಒತ್ತಿ `Poll` ಆರಿಸಿ. ಪ್ರಶ್ನೆ, ಆಯ್ಕೆಗಳನ್ನು ತುಂಬಿ, ಕೆಳಗೆ `Quiz Mode` ಹಾಕಿದರೆ ಸರಿ ಉತ್ತರ ಗುರುತಿಸಲು ಮತ್ತು ವಿವರಣೆ ಬರೆಯಲು ಜಾಗ ಬರುತ್ತದೆ. ಮೊದಲೇ ಸಮಯ ಗೊತ್ತು ಮಾಡಿಡುವ `Schedule Message` ಸೌಲಭ್ಯವೂ ಇದೆ, ಇಡೀ ವಾರದ ಪ್ರಶ್ನೆಗಳನ್ನು ಭಾನುವಾರ ಒಂದೇ ಕೂತಿನಲ್ಲಿ ಸಮಯ ಹಾಕಿ ಇಟ್ಟುಬಿಡಬಹುದು.

ಪ್ರತಿ ಆಯ್ಕೆಗೆ 100, ವಿವರಣೆಗೆ 200 ಅಕ್ಷರಗಳ ಮಿತಿ ಇದೆ. ಇಂಗ್ಲಿಷಿನವರಿಗೆ ಇದು ಧಾರಾಳ, ನಮಗೆ ಅಲ್ಲ. ಸ್ವರಚಿಹ್ನೆ, ಅನುಸ್ವಾರ, ಒತ್ತಕ್ಷರದ ನಡುವಿನ ಹಲಂತ, ಎಲ್ಲವೂ ಒಂದೊಂದು ಅಕ್ಷರವಾಗಿ ಲೆಕ್ಕಕ್ಕೆ ಬರುತ್ತವೆ. ‘ಕ್ಷೇತ್ರ’ ಕಣ್ಣಿಗೆ ಎರಡು ಅಕ್ಷರ, ಲೆಕ್ಕದಲ್ಲಿ ಏಳು. ಹಾಗಾಗಿ ವಿವರಣೆಗೆ ಸಿಗುವುದು ಇಪ್ಪತ್ತು ಇಪ್ಪತ್ತೈದು ಪದ. ಸರಿ ಉತ್ತರವನ್ನು ಮತ್ತೆ ಹೇಳಿ ಆ ಜಾಗ ವ್ಯರ್ಥ ಮಾಡಬೇಡಿ, ಅದನ್ನು ಟೆಲಿಗ್ರಾಂ ತಾನೇ ಹಸಿರು ಗುರುತಿನಲ್ಲಿ ತೋರಿಸುತ್ತದೆ. ತಪ್ಪು ಒತ್ತಿದವನಿಗೆ ಉತ್ತರ ಕೊಡಿ. ಮೇಲಿನ ಪ್ರಶ್ನೆಗೆ ವಿವರಣೆ ಹೀಗಿರಬಹುದು:

243ಡಿ: ಮಹಿಳೆಯರಿಗೆ ಕನಿಷ್ಠ ಮೂರನೇ ಒಂದು. ಅರ್ಧ ಎಂಬುದು ಕರ್ನಾಟಕದ ಕಾಯ್ದೆಯದ್ದು. ಜನಸಂಖ್ಯೆಯ ಅನುಪಾತ ಪ.ಜಾತಿ, ಪ.ಪಂಗಡಕ್ಕೆ. ಹಿಂದುಳಿದವರಿಗೆ ಶಾಸಕಾಂಗದ ತೀರ್ಮಾನ.

ಇದು ಸುಮಾರು 140 ಅಕ್ಷರ. ಉಳಿದ ಜಾಗದಲ್ಲಿ ಕೋರ್ಸ್ ಲಿಂಕ್ ತುರುಕುವ ಆಸೆಯನ್ನು ತಡೆದುಕೊಳ್ಳಿ. ತಪ್ಪು ಮಾಡಿದ ಕ್ಷಣದಲ್ಲೇ ದುಡ್ಡು ಕೇಳಿದಂತೆ ಕಾಣುತ್ತದೆ ಅದು.

ಪ್ರಶ್ನೆಯನ್ನು ಚಿತ್ರವಾಗಿ ವಿನ್ಯಾಸ ಮಾಡಿ ಹಾಕುವುದಕ್ಕಿಂತ ಟೆಲಿಗ್ರಾಂನದ್ದೇ ಕ್ವಿಜ್ ಬಳಸುವುದು ಲೇಸು ಎನ್ನಲು ಇನ್ನೊಂದು ಕಾರಣವಿದೆ. ಚಾನೆಲ್‌ನ ಕ್ವಿಜ್ ಅನ್ನು ಯಾರಾದರೂ ತಮ್ಮ ಗೆಳೆಯರ ಗುಂಪಿಗೆ ಫಾರ್ವರ್ಡ್ ಮಾಡಿದರೆ ಅಲ್ಲಿಯವರು ಅಲ್ಲೇ ಉತ್ತರಿಸಬಹುದು, ಮತಗಳೆಲ್ಲ ಒಂದೇ ಲೆಕ್ಕಕ್ಕೆ ಸೇರುತ್ತವೆ, ಮೇಲೆ ನಿಮ್ಮ ಚಾನೆಲ್‌ನ ಹೆಸರೂ ಇರುತ್ತದೆ. ಹೊಸಬರು ಬರುವ ದೊಡ್ಡ ದಾರಿ ಇದೇ.

ಪ್ರಕಟವಾದ ಕ್ವಿಜ್‌ನ ಸರಿ ಉತ್ತರವನ್ನು ಬದಲಿಸಲು ಬರುವುದಿಲ್ಲ. ಕೀ ಉತ್ತರ ತಪ್ಪಾಗಿದೆಯೆಂದು ಗೊತ್ತಾದ ಕೂಡಲೇ ಆ ಕ್ವಿಜ್ ನಿಲ್ಲಿಸಿ, ಅದಕ್ಕೇ ರಿಪ್ಲೈ ಆಗಿ ‘ಸರಿ ಉತ್ತರ 3, ನಾವು 2 ಎಂದು ಗುರುತಿಸಿದ್ದೆವು’ ಎಂದು ಆಧಾರದ ಸಮೇತ ಬರೆದು, ಸರಿಪಡಿಸಿದ ಪ್ರಶ್ನೆಯನ್ನು ಹೊಸದಾಗಿ ಹಾಕಿ. ಸದ್ದಿಲ್ಲದೆ ಅಳಿಸಿದರೆ ಅಷ್ಟರಲ್ಲಿ ಸ್ಕ್ರೀನ್‌ಶಾಟ್ ಹತ್ತು ಗುಂಪಿಗೆ ಹೋಗಿರುತ್ತದೆ, ಅಲ್ಲಿಗೆ ನಿಮ್ಮ ತಿದ್ದುಪಡಿ ತಲುಪುವುದಿಲ್ಲ.

ವಾಟ್ಸ್ಆ್ಯಪ್ ಗುಂಪಿನ ಪೋಲ್ ಕ್ವಿಜ್‌ಗೆ ಹೊಂದುವುದಿಲ್ಲ. ಅಲ್ಲಿ ಯಾರು ಏನು ಒತ್ತಿದರೆಂದು ಎಲ್ಲರಿಗೂ ಕಾಣುತ್ತದೆ. ಹುಷಾರಿರುವ ಒಬ್ಬರು ಮೊದಲು ಒತ್ತಿದರೆ ಉಳಿದವರು ಅವರ ಹಿಂದೆಯೇ ಹೋಗುತ್ತಾರೆ, ಸಂಕೋಚದವರು ಒತ್ತುವುದೇ ಇಲ್ಲ. ಆ ಜಾಗವನ್ನು ಅಭಿಪ್ರಾಯ ಕೇಳುವ ಪೋಲ್‌ಗೆ ಇಟ್ಟುಕೊಳ್ಳಿ. ಇನ್‌ಸ್ಟಾಗ್ರಾಂ ಸ್ಟೋರಿಯ ಕ್ವಿಜ್ ಸ್ಟಿಕ್ಕರ್ 24 ಗಂಟೆಗೆ ಮಾಯವಾದರೂ, ಯಾವ ಆಯ್ಕೆ ಯಾರು ಒತ್ತಿದರೆಂದು ನಿಮಗೆ ಮಾತ್ರ ಕಾಣುತ್ತದೆ ಎಂಬುದು ಅದರ ಲಾಭ.

ದಿನದ ಮೂರು ಪ್ರಶ್ನೆ

ಬೆಳಿಗ್ಗೆ ಎರಡು, ರಾತ್ರಿ ಒಂದು. ಬೆಳಗಿನವು ಅವತ್ತಿನ ವಿಷಯದ ಹೊಸ ಪ್ರಶ್ನೆಗಳು: ಒಂದು ಓದಿದವರೆಲ್ಲ ಉತ್ತರಿಸುವಂಥದ್ದು, ಇನ್ನೊಂದು ಮೇಲಿನಂತೆ ಜೋಡಿ ಗೊಂದಲದ್ದು. ಎರಡೂ ಕಷ್ಟದವಾದರೆ ಸೋತವನು ನಾಳೆ ಬರುವುದಿಲ್ಲ, ಎರಡೂ ಸುಲಭವಾದರೆ ಓದಿಕೊಂಡವನು ಬರುವುದಿಲ್ಲ. ರಾತ್ರಿಯದು ಹಳೆಯ ಪ್ರಶ್ನೆಯ ತಿರುವು. ಹೆಚ್ಚು ಜನ ತಪ್ಪಿದ ಪ್ರಶ್ನೆಯನ್ನು ಮೂರು ದಿನ ಬಿಟ್ಟು, ಆಮೇಲೆ ಇನ್ನೊಂದು ವಾರ ಬಿಟ್ಟು ಮತ್ತೆ ಕೇಳಿ, ಆದರೆ ಅದೇ ರೂಪದಲ್ಲಲ್ಲ. ಮಹಿಳಾ ಮೀಸಲಾತಿಯ ಪ್ರಶ್ನೆ ತಿರುವಿನಲ್ಲಿ ‘ಕರ್ನಾಟಕದ ಕಾಯ್ದೆಯ ಪ್ರಕಾರ’ ಎಂದು ಬರಲಿ, ಆಯ್ಕೆಗಳು ಅವೇ ನಾಲ್ಕು ಇರಲಿ. ಹಿಂದಿನ ಸಲದ ‘ಮೂರನೇ ಒಂದು’ ಎಂಬುದನ್ನು ಬಾಯಿಪಾಠ ಮಾಡಿಕೊಂಡವರು ಈಗ ಜಾರುತ್ತಾರೆ, ವಿಷಯ ಅರ್ಥವಾದವರು ಅರ್ಧವನ್ನು ಒತ್ತುತ್ತಾರೆ. ತಾನು ಮೂರು ದಿನದ ಹಿಂದೆ ತಪ್ಪಿದ್ದನ್ನು ಇಂದು ಸರಿ ಮಾಡಿದ್ದೇನೆ ಎಂದು ಓದುಗನಿಗೆ ಗೊತ್ತಾಗುವುದು ರಾತ್ರಿಯ ಪ್ರಶ್ನೆಯಿಂದಲೇ. ದಿನಾ ಬರುವ ರೂಢಿ ನಿಲ್ಲುವುದು ಇದರ ಮೇಲೆ. ಹತ್ತು ಹೊಸ ಪ್ರಶ್ನೆಗಳ ರಾಶಿಗೆ ಆ ಶಕ್ತಿಯಿಲ್ಲ.

ಸಮಯವನ್ನು ನೀವು ಊಹಿಸಬೇಡಿ, ಪೋಲ್ ಹಾಕಿ ಕೇಳಿ. ‘ಓದಲು ಕೂರುವುದು ಯಾವಾಗ?’ ಎಂಬುದಕ್ಕೆ ಬೆಳಿಗ್ಗೆ 6ರೊಳಗೆ, ಕೆಲಸಕ್ಕೆ ಹೋಗುವ ದಾರಿಯಲ್ಲಿ, ಮಧ್ಯಾಹ್ನ, ರಾತ್ರಿ 9ರ ನಂತರ ಎಂಬ ಆಯ್ಕೆ ಕೊಡಿ. ಲೈಬ್ರರಿಯಲ್ಲಿ ಕೂತು ಪೂರ್ತಿ ಹೊತ್ತು ಓದುವವರಿಗೂ, ಕೆಲಸ ಮಾಡುತ್ತಾ ಓದುವವರಿಗೂ, ಮಕ್ಕಳನ್ನು ಮಲಗಿಸಿ ಪುಸ್ತಕ ತೆರೆಯುವವರಿಗೂ ಉತ್ತರ ಬೇರೆ ಇರುತ್ತದೆ. ಒಮ್ಮೆ ಹೊತ್ತು ಗೊತ್ತು ಮಾಡಿದ ಮೇಲೆ ಹತ್ತು ನಿಮಿಷವೂ ಆಚೀಚೆ ಮಾಡಬೇಡಿ.

ಐದನೇ ಆಯ್ಕೆಯಾಗಿ ‘ಗೊತ್ತಿಲ್ಲ, ಬಿಡುತ್ತೇನೆ’ ಎಂಬುದನ್ನು ಸೇರಿಸುವುದು ನಮ್ಮ ಮಟ್ಟಿಗೆ ಕಡ್ಡಾಯ. ಅದರಿಂದ ಕಣ್ಣು ಮುಚ್ಚಿ ಒತ್ತುವವರು ಒಂದು ಕಡೆ ಸೇರುತ್ತಾರೆ, ಉಳಿದ ನಾಲ್ಕು ಅಂಕಿಗಳು ನಂಬಲು ತಕ್ಕವಾಗುತ್ತವೆ. ಋಣಾತ್ಮಕ ಅಂಕದ ಪಾಠವೂ ಇದರಲ್ಲೇ ಇದೆ. ಸರಿಗೆ ಒಂದು ಅಂಕ, ತಪ್ಪಿಗೆ ಕಾಲು ಅಂಕ ಕಡಿತವಿದ್ದಾಗ, ನಾಲ್ಕರಲ್ಲಿ ಒಂದನ್ನು ಕುರುಡಾಗಿ ಒತ್ತಿದರೆ ಸರಾಸರಿ ಸಿಗುವುದು ಹದಿನಾರನೇ ಒಂದು ಅಂಕ, ಅಂದರೆ ಇಲ್ಲವೆನ್ನುವಷ್ಟು. ಎರಡು ಆಯ್ಕೆಗಳನ್ನು ಖಚಿತವಾಗಿ ಹೊಡೆದುಹಾಕಿ ಉಳಿದೆರಡರಲ್ಲಿ ಒತ್ತಿದರೆ ಎಂಟನೇ ಮೂರು ಅಂಕ. ಈ ಲೆಕ್ಕವನ್ನು ಒಂದು ಶನಿವಾರ ಪೋಸ್ಟ್ ಮಾಡಿ ನೋಡಿ, ಅಭ್ಯರ್ಥಿಗಳು ಉಳಿಸಿಟ್ಟುಕೊಳ್ಳುವ ಪೋಸ್ಟ್ ಅದು.

ಅಂಕಿಗಳನ್ನು ಓದುವುದು

ಪ್ರತಿ ಪ್ರಶ್ನೆ ಪ್ರಕಟವಾದ 24 ಗಂಟೆಗೆ ಸರಿಯಾಗಿ ಶೇಕಡಾವಾರು ಮತಗಳನ್ನು ಶೀಟ್‌ಗೆ ಇಳಿಸಿ. ಒಂದನ್ನು ನಾಲ್ಕು ಗಂಟೆಗೆ, ಇನ್ನೊಂದನ್ನು ಎರಡು ದಿನಕ್ಕೆ ನೋಡಿದರೆ ಹೋಲಿಕೆಗೆ ಅರ್ಥವಿಲ್ಲ.

ಮಹಿಳಾ ಮೀಸಲಾತಿ ಪ್ರಶ್ನೆಗೆ 500 ಮತ ಬಂದಿದೆ ಎಂದುಕೊಳ್ಳಿ. ಮೂರನೇ ಒಂದಕ್ಕೆ ಶೇ 36, ಅರ್ಧಕ್ಕೆ ಶೇ 39, ಅನುಪಾತಕ್ಕೆ ಶೇ 10, ಶಾಸಕಾಂಗಕ್ಕೆ ಶೇ 4, ಬಿಡುತ್ತೇನೆ ಶೇ 11. ಇದು ಒಳ್ಳೆಯ ಫಲಿತಾಂಶ. ಇಬ್ಬರು ಗಟ್ಟಿ ಸ್ಪರ್ಧಿಗಳಿದ್ದಾರೆ, ಗೊಂದಲ ಎಲ್ಲಿದೆಯೆಂದು ಸ್ಪಷ್ಟವಾಗಿದೆ. ಸಂವಿಧಾನ ಹೇಳುವುದೇನು, ರಾಜ್ಯದ ಕಾಯ್ದೆ ಹೇಳುವುದೇನು ಎಂಬ ಮೂರು ನಿಮಿಷದ ವಿಡಿಯೊವನ್ನು ಮರುದಿನವೇ ಹಾಕಬೇಕು. ಬದಲಿಗೆ ನಾಲ್ಕೂ ಆಯ್ಕೆಗಳಿಗೆ ಹೆಚ್ಚುಕಡಿಮೆ ಸಮನಾಗಿ ಮತ ಹಂಚಿಹೋಗಿದ್ದರೆ ಜನ ಆ ಪಾಠವನ್ನೇ ಓದಿಲ್ಲ ಎಂದರ್ಥ, ಅಲ್ಲಿ ಸೂಕ್ಷ್ಮ ವ್ಯತ್ಯಾಸದ ವಿಡಿಯೊ ಹಾಕಿ ಪ್ರಯೋಜನವಿಲ್ಲ, ಮೂಲಪಾಠ ಬೇಕು. ಹತ್ತರಲ್ಲಿ ಒಂಬತ್ತು ಜನ ಸರಿ ಒತ್ತಿದ್ದರೆ ಅದನ್ನು ಮತ್ತೆ ಕೇಳಬೇಡಿ. ಯಾವುದೋ ಒಂದು ತಪ್ಪು ಆಯ್ಕೆಗೆ ಮುಕ್ಕಾಲು ಪಾಲು ಮತ ಬಿದ್ದಿದ್ದರೆ ಮೊದಲು ನಿಮ್ಮ ಕೀ ಉತ್ತರವನ್ನೇ ಸಂಶಯದಿಂದ ನೋಡಿ. ಹೆಚ್ಚಿನ ಸಲ ಆಗ ಜನರೇ ಸರಿಯಾಗಿರುತ್ತಾರೆ.

ಚಾನೆಲ್‌ನಲ್ಲಿ ಮತದಾರರ ಹೆಸರು ಕಾಣುವುದಿಲ್ಲವಾದ್ದರಿಂದ ಯಾರು ದಿನಾ ಬರುತ್ತಿದ್ದಾರೆಂದು ಅಲ್ಲಿ ತಿಳಿಯದು. ಅದಕ್ಕೇ ಭಾನುವಾರದ ಪರೀಕ್ಷೆ.

ಭಾನುವಾರ: ಇಪ್ಪತ್ತು ಪ್ರಶ್ನೆ, ಒಂದು ಫಾರ್ಮ್

ವಾರದ ಹದಿನೆಂಟು ಪ್ರಶ್ನೆಗಳಲ್ಲಿ ಹೆಚ್ಚು ಜನ ತಪ್ಪಿದ ಹನ್ನೆರಡನ್ನು ರೂಪ ಬದಲಿಸಿ, ಎಂಟು ಹೊಸದನ್ನು ಸೇರಿಸಿ ಗೂಗಲ್ ಫಾರ್ಮ್‌ನಲ್ಲಿ ಹಾಕಿ. `Settings` ಒಳಗೆ `Make this a quiz` ಆನ್ ಮಾಡಿದರೆ ಅಂಕ ತಾನಾಗಿ ಬರುತ್ತದೆ. ಪ್ರತಿ ಪ್ರಶ್ನೆಯ `Answer key` ಒಳಗೆ ತಪ್ಪು ಉತ್ತರಕ್ಕೆ ಬೇರೆಯಾಗಿ ಪ್ರತಿಕ್ರಿಯೆ ಬರೆಯುವ, ಲಿಂಕ್ ಸೇರಿಸುವ ಜಾಗವಿದೆ. ವಾರದಲ್ಲಿ ಹಾಕಿದ ಮೂರು ನಿಮಿಷದ ವಿಡಿಯೊಗಳ ಲಿಂಕ್ ಅಲ್ಲಿಗೆ ಹೋಗಬೇಕು, ಕೋರ್ಸ್ ಖರೀದಿಯ ಪುಟದ್ದಲ್ಲ.

ಫಾರ್ಮ್‌ನ ಆರಂಭದಲ್ಲಿ ಹೆಸರು, ಬರೆಯುತ್ತಿರುವ ಪರೀಕ್ಷೆ, ವಾಟ್ಸ್ಆ್ಯಪ್ ಸಂಖ್ಯೆ ಕೇಳಿ. ಸಂಖ್ಯೆಯನ್ನು ಕಡ್ಡಾಯ ಮಾಡಬೇಡಿ. ‘ನನ್ನ ವಿಷಯವಾರು ಅಂಕಗಳನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿ’, ‘ಕೋರ್ಸ್ ಮಾಹಿತಿಯನ್ನೂ ಕಳುಹಿಸಿ’ ಎಂದು ಎರಡು ಬೇರೆ ಬೇರೆ ಗುರುತು ಹಾಕುವ ಚೌಕಗಳಿರಲಿ. ಮೊದಲನೆಯದನ್ನು ಮಾತ್ರ ಒತ್ತಿದವರಿಗೆ ಅಂಕ ಮಾತ್ರ ಹೋಗಬೇಕು. ಈ ಶಿಸ್ತು ತಪ್ಪಿದರೆ ಎರಡನೇ ವಾರದಿಂದ ಯಾರೂ ಸಂಖ್ಯೆ ಕೊಡುವುದಿಲ್ಲ.

ಗೂಗಲ್ ಫಾರ್ಮ್ ಋಣಾತ್ಮಕ ಅಂಕ ಕಳೆಯುವುದಿಲ್ಲ. ಉತ್ತರಗಳು ಬೀಳುವ ಶೀಟ್‌ನಲ್ಲಿ ಸರಿಗಳ ಸಂಖ್ಯೆ E ಕಾಲಂನಲ್ಲೂ ತಪ್ಪುಗಳ ಸಂಖ್ಯೆ F ಕಾಲಂನಲ್ಲೂ ಬರುವಂತೆ ಮಾಡಿಕೊಂಡು, ಮುಂದಿನ ಕಾಲಂಗಳಲ್ಲಿ ಹೀಗೆ ಬರೆಯಿರಿ. ವಾಟ್ಸ್ಆ್ಯಪ್ ಸಂಖ್ಯೆ D ಕಾಲಂನಲ್ಲಿದ್ದರೆ, ಅದೇ ವ್ಯಕ್ತಿ ಎಷ್ಟು ಸಲ ಬಂದಿದ್ದಾರೆಂದು ಎರಡನೇ ಸೂತ್ರ ಹೇಳುತ್ತದೆ:

```
=E2-F2/4
=COUNTIF(D:D,D2)
```

20ರಲ್ಲಿ 12 ಸರಿ, 6 ತಪ್ಪು, 2 ಬಿಟ್ಟಿದ್ದರೆ 10.5 ಅಂಕ. ಎರಡನೇ ಸೂತ್ರ ಕೆಲಸ ಮಾಡಬೇಕಾದರೆ ಪ್ರತಿ ಭಾನುವಾರ ಹೊಸ ಫಾರ್ಮ್ ಮಾಡಿದರೂ ಉತ್ತರಗಳನ್ನು ಒಂದೇ ಹಾಳೆಗೆ ತಂದು ಸೇರಿಸಬೇಕು. ಸತತ ಮೂರು ಭಾನುವಾರ ಬಂದವರ ಸಂಖ್ಯೆಯೇ ನಿಮ್ಮ ಅಭ್ಯಾಸದ ಅಳತೆ. ಚಾನೆಲ್‌ನ ಸದಸ್ಯರ ಸಂಖ್ಯೆಯನ್ನು ನೋಡಿ ಹಿಗ್ಗಬೇಡಿ, ಅದರಲ್ಲಿ ಹೆಚ್ಚಿನವರು ಚಾನೆಲ್ ಮ್ಯೂಟ್ ಮಾಡಿಟ್ಟವರು.

ದಾಖಲಾತಿಯ ಮಾತು ಯಾವಾಗ

ಮೂರು ಭಾನುವಾರ ಬಂದು, ಮಾಹಿತಿ ಕೇಳಿದವರಿಗೆ ಮಾತ್ರ ವೈಯಕ್ತಿಕ ಸಂದೇಶ ಹೋಗಲಿ. ಅದರಲ್ಲಿ ಕೋರ್ಸ್‌ನ ಗುಣಗಾನ ಬೇಡ, ಅವರ ಅಂಕ ಇರಲಿ. ಇಂಥದ್ದು ಸಾಕು:

‘ನಮಸ್ಕಾರ. ಮೂರು ವಾರಗಳಲ್ಲಿ ಪಂಚಾಯತ್ ರಾಜ್‌ನ 24 ಪ್ರಶ್ನೆಗಳಲ್ಲಿ ನೀವು 11 ಸರಿ ಮಾಡಿದ್ದೀರಿ, ಇತಿಹಾಸದಲ್ಲಿ 18ಕ್ಕೆ 15. ಪಂಚಾಯತ್ ರಾಜ್‌ನಲ್ಲಿ ತಪ್ಪಿದ 13ರಲ್ಲಿ 9 ಸಂವಿಧಾನ ಮತ್ತು ರಾಜ್ಯದ ಕಾಯ್ದೆ ಬೆರೆತಿರುವ ಪ್ರಶ್ನೆಗಳು. ಇದಕ್ಕೆ ನಮ್ಮ ಕೋರ್ಸ್‌ನ 4, 5ನೇ ಪಾಠಗಳಿವೆ. 4ನೇ ಪಾಠ ಉಚಿತವಾಗಿ ನೋಡಬಹುದು, ಲಿಂಕ್ ಕೆಳಗಿದೆ. ಇತಿಹಾಸಕ್ಕೆ ನಿಮಗೆ ಕೋರ್ಸ್ ಬೇಕಿಲ್ಲ.’

ಕೊನೆಯ ವಾಕ್ಯವನ್ನು ಬಿಡಬೇಡಿ, ಉಳಿದದ್ದನ್ನು ನಂಬುವುದು ಅದರಿಂದಲೇ. ಶೀಟ್‌ನ ನಾಲ್ಕನೇ ಕಾಲಂ, ಅಂದರೆ ಪಾಠ ಸಂಖ್ಯೆ, ಉಪಯೋಗಕ್ಕೆ ಬರುವುದೂ ಇಲ್ಲೇ. ಅದಿಲ್ಲದೆ ಈ ಸಂದೇಶ ಬರೆಯಲಾಗದು.

ಚಾನೆಲ್‌ನಲ್ಲಿ ಎಲ್ಲರಿಗೂ ಕಾಣುವಂತೆ ಕೋರ್ಸ್ ಬಗ್ಗೆ ಹೇಳುವುದು ವಾರಕ್ಕೆ ಎರಡೇ ಸಲ: ಗೊಂದಲ ಬಿಡಿಸುವ ವಿಡಿಯೊದ ಕೊನೆಯಲ್ಲಿ ಒಂದು ವಾಕ್ಯ, ಭಾನುವಾರ ಸಂಜೆಯ ಫಲಿತಾಂಶದ ಪೋಸ್ಟ್‌ನಲ್ಲಿ ಒಂದು ಲಿಂಕ್. ಆ ಎರಡು ಲಿಂಕ್‌ಗಳಿಗೂ ಬೇರೆ ಬೇರೆ ಕೂಪನ್ ಕೋಡ್ ಕೊಡಿ, ಉದಾಹರಣೆಗೆ `PRVIDEO`, `PRSUN`. ಯಾವ ಪೋಸ್ಟ್‌ನಿಂದ ಎಷ್ಟು ಜನ ಹಣ ಕಟ್ಟಿದರೆಂದು ತಿಳಿಯಲು ಇದಕ್ಕಿಂತ ಸರಳ ಉಪಾಯವಿಲ್ಲ.

ಪ್ರವೇಶ ತೆರೆಯುವ ಒಂದು ವಾರ ಮೊದಲು ಒಂದು ಪೋಲ್ ಹಾಕಿ: ‘ಕೋರ್ಸ್ ಸೇರಲು ಅಡ್ಡಿಯಾಗಿರುವುದೇನು?’ ಆಯ್ಕೆಗಳು: ಶುಲ್ಕ ಒಂದೇ ಸಲ ಕಟ್ಟಲಾಗದು, ನೇರ ತರಗತಿಯ ಹೊತ್ತು ಹೊಂದುವುದಿಲ್ಲ, ಬೇರೆ ಕಡೆ ಸೇರಿದ್ದೇನೆ, ಸ್ವಂತ ಓದು ಸಾಕು. ಮೊದಲನೆಯದಕ್ಕೆ ಹೆಚ್ಚು ಮತ ಬಂದರೆ ಎರಡು ಕಂತಿನ ಸೌಲಭ್ಯ ನಿಜಕ್ಕೂ ಕೊಡಬೇಕು. ಕೊಡುವ ಮನಸ್ಸಿಲ್ಲದಿದ್ದರೆ ಆ ಆಯ್ಕೆಯನ್ನೇ ಇಡಬೇಡಿ. ಕೇಳಿ ಕೈಬಿಟ್ಟ ಪೋಲ್‌ನಿಂದ ಆಗುವ ಬೇಸರ ಕೇಳದೇ ಇದ್ದುದಕ್ಕಿಂತ ದೊಡ್ಡದು.

‘ಕೊನೆಯ 5 ಸೀಟು’ ಎಂಬ ಸುಳ್ಳು ಆತುರ, ‘ಆಯ್ಕೆ ಖಚಿತ’ ಎಂಬ ಭರವಸೆ, ಆಯ್ಕೆಯಾದವರ ಫೋಟೊವನ್ನು ಅವರ ಲಿಖಿತ ಒಪ್ಪಿಗೆ ಇಲ್ಲದೆ ಹಾಕುವುದು, ಇವು ಈಗ ಬರೀ ನೀತಿಯ ಪ್ರಶ್ನೆಯಾಗಿ ಉಳಿದಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಕೋಚಿಂಗ್ ಕ್ಷೇತ್ರದ ದಾರಿ ತಪ್ಪಿಸುವ ಜಾಹೀರಾತುಗಳನ್ನು ತಡೆಯಲು ಹೊರಡಿಸಿದ ಮಾರ್ಗಸೂಚಿಯಲ್ಲಿ ಇವೆಲ್ಲ ಬರುತ್ತವೆ. ಕ್ವಿಜ್ ಪೋಸ್ಟ್‌ನ ಕೆಳಗಿನ ಒಂದು ಸಾಲೂ ಜಾಹೀರಾತೇ.

ಪರೀಕ್ಷೆ ಮುಂದೂಡಿದಾಗ

ನಮ್ಮಲ್ಲಿ ಇದು ಆಗಾಗ ಆಗುವಂಥದ್ದು, ಆದ್ದರಿಂದ ಶೀಟ್‌ನಲ್ಲಿ ಮೊದಲೇ ಜಾಗವಿರಲಿ. ದಿನಾಂಕ ಮುಂದೆ ಹೋದ ಸುದ್ದಿ ಬಂದ ದಿನ ಮತಗಳು ದಿಢೀರ್ ಕುಸಿಯುತ್ತವೆ. ಅದನ್ನು ಪ್ರಶ್ನೆಗಳ ದೋಷವೆಂದು ತಿಳಿದು ಎಲ್ಲ ಬದಲಿಸಹೋಗಬೇಡಿ. ಅವತ್ತೇ ಒಂದು ಪೋಲ್ ಹಾಕಿ: ಇದೇ ಪರೀಕ್ಷೆಗೆ ಓದು ಮುಂದುವರಿಸುತ್ತೀರಾ, ಬೇರೆ ಪರೀಕ್ಷೆಗೂ ಅರ್ಜಿ ಹಾಕಿದ್ದೀರಾ, ಯಾವುದಕ್ಕೆ? ಬಹುಪಾಲು ಅಭ್ಯರ್ಥಿಗಳು ಎರಡು ಮೂರು ಅಧಿಸೂಚನೆಗಳಿಗೆ ಒಟ್ಟಿಗೇ ಅರ್ಜಿ ಹಾಕಿರುತ್ತಾರೆ. ಆ ಉತ್ತರ ಸಿಕ್ಕಿದ ಮೇಲೆ ಮುಂದೂಡಿದ ಪರೀಕ್ಷೆಗಷ್ಟೇ ಸೇರಿದ ವಿಷಯವನ್ನು ರಾತ್ರಿಯ ತಿರುವು ಪ್ರಶ್ನೆಗೆ ಇಳಿಸಿ, ಬೆಳಗಿನ ಎರಡನ್ನು ಎಲ್ಲ ಪರೀಕ್ಷೆಗಳಿಗೂ ಬೇಕಾದ ಸಂವಿಧಾನ, ಕರ್ನಾಟಕ ಇತಿಹಾಸ, ಕನ್ನಡ ವ್ಯಾಕರಣಕ್ಕೆ ತಿರುಗಿಸಿ. ಸಮಯ ಮಾತ್ರ ಅದೇ ಇರಲಿ. ಹೊಸ ದಿನಾಂಕ ಪ್ರಕಟವಾದಾಗ ಹಳೆಯ ಕ್ರಮಕ್ಕೆ ಮರಳಲು, ಶೀಟ್‌ನಲ್ಲಿ ಕಾದಿರಿಸಿದ ಪ್ರಶ್ನೆಗಳ ಮರುದಿನಾಂಕ ಬದಲಿಸಿದರೆ ಆಯಿತು.